ಬಂಪರಿನ ಒಂದು ಏಟು, ಐದು ವರ್ಷದ ಲೆಕ್ಕ

ಪ್ರಶ್ನೆ: ನನ್ನ 1,200 ಸಿಸಿ ಪೆಟ್ರೋಲ್ ಕಾರಿಗೆ ಈಗ ನಾಲ್ಕು ವರ್ಷ. ಇದುವರೆಗೆ ಒಂದು ಕ್ಲೇಮೂ ಮಾಡಿಲ್ಲ. ಹೋದ ವಾರ ಕಾರು ಹಿಂದೆ ತೆಗೆಯುವಾಗ ಕಂಬಕ್ಕೆ ತಗುಲಿ ಹಿಂದಿನ ಬಂಪರ್ ಒಡೆಯಿತು, ಪಕ್ಕದ ಪ್ಯಾನೆಲ್ ನುಗ್ಗಿತು. ಶೋರೂಮಿನವರ ಎಸ್ಟಿಮೇಟ್ 14,000 ರೂಪಾಯಿ. ಪರಿಚಯದ ಗ್ಯಾರೇಜಿನವರು 8,000ಕ್ಕೆ ಮಾಡಿಕೊಡುತ್ತೇನೆ ಅನ್ನುತ್ತಾರೆ. ಪಾಲಿಸಿ ಮುಗಿಯಲು 24 ದಿನ ಬಾಕಿ, ಅದರಲ್ಲಿ ಜೀರೋ ಡೆಪ್ ಇದೆ. "ಇನ್ಶೂರೆನ್ಸ್ ಇರೋದೇ ಇದಕ್ಕೆ, ಕ್ಲೇಮ್ ಹಾಕಿ. ರಿನ್ಯೂವಲ್ ಮಾಡುವಾಗ ಎನ್‌ಸಿಬಿ ಪ್ರೊಟೆಕ್ಷನ್ ಸೇರಿಸಿದರಾಯಿತು" ಎಂದು ಶೋರೂಮಿನವರ ಸಲಹೆ. ಮುಂದಿನ ವರ್ಷ ಈ ಕಾರು ಮಾರಿ ದೊಡ್ಡದು ತೆಗೆದುಕೊಳ್ಳುವ ಯೋಚನೆಯಿದೆ. ಏನು ಮಾಡಲಿ?

ಉತ್ತರ: ಕ್ಲೇಮ್ ಮಾಡಬೇಡಿ, ಗ್ಯಾರೇಜಿನಲ್ಲೇ ಮಾಡಿಸಿ. ಆದರೆ ಅದಕ್ಕೂ ಮೊದಲು ಒಂದು ಕೆಲಸವಿದೆ. ಬಂಪರನ್ನು ಕಳಚಿಸಿ ಅದರ ಹಿಂದೆ ಏನಾಗಿದೆ ಎಂದು ಕಣ್ಣಾರೆ ನೋಡಿ. ಅದನ್ನು ಆಮೇಲೆ ವಿವರಿಸುತ್ತೇನೆ.

ನಿಮ್ಮ ಪ್ರಶ್ನೆಯ ಕೊನೆಯಲ್ಲಿ, ಹೇಳಿಯೂ ಹೇಳದ ಹಾಗೆ, ಮುಂದಿನ ವರ್ಷ ಹೊಸ ಕಾರು ಕೊಳ್ಳುವ ಮಾತು ಬಂದಿದೆಯಲ್ಲ, ನನ್ನ ಉತ್ತರ ನಿಂತಿರುವುದೇ ಅದರ ಮೇಲೆ. ಹಲವು ವರ್ಷ ವಿಮಾ ಕಂಪನಿಗಳಿಗಾಗಿ ಹಾನಿಯ ಅಂದಾಜು ಮಾಡುವ ಸರ್ವೇಯರ್ ಆಗಿ ಗ್ಯಾರೇಜುಗಳಲ್ಲಿ ಒಡೆದ ಕಾರುಗಳ ಮುಂದೆ ನಿಂತವನು ನಾನು. ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿಯೇ ನೋ ಕ್ಲೇಮ್ ಬೋನಸ್, ಅಂದರೆ ಎನ್‌ಸಿಬಿ. ಈ ಬೋನಸ್ ಕಾರಿಗೆ ಸೇರಿದ್ದು, ಕಾರು ಮಾರಿದರೆ ಅದೂ ಹೋಯಿತು ಎಂದುಕೊಂಡವರನ್ನು ಲೆಕ್ಕವಿಲ್ಲದಷ್ಟು ಕಂಡಿದ್ದೇನೆ. ನೋ ಕ್ಲೇಮ್ ಬೋನಸ್ ಕಾರಿನದಲ್ಲ, ಮಾಲೀಕರದು. ಕಾರು ಮಾರಿದರೂ ಅದು ನಿಮ್ಮ ಕೈಯಲ್ಲೇ ಉಳಿಯುತ್ತದೆ, ಹೊಸ ಕಾರಿನ ಪಾಲಿಸಿಗೆ ಬರುತ್ತದೆ.

ಮೊದಲು ಈ ಬೋನಸ್ ಯಾವುದರ ಮೇಲೆ ಸಿಗುತ್ತದೆ ಅನ್ನುವುದನ್ನು ನೋಡೋಣ. ನಿಮ್ಮ ಪಾಲಿಸಿಯ ಮೊದಲ ಪುಟದಲ್ಲಿ ಪ್ರೀಮಿಯಂ ಎರಡು ಕಾಲಂಗಳಲ್ಲಿ ಇರುತ್ತದೆ. ಒಂದು ನಿಮ್ಮ ಕಾರಿಗೆ ಆಗುವ ಹಾನಿಯದು, ಎಲ್ಲರೂ ಓಡಿ ಅನ್ನುವುದು ಇದನ್ನೇ. ಇನ್ನೊಂದು ಥರ್ಡ್ ಪಾರ್ಟಿಯದು, ಅಂದರೆ ನಿಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಹಾನಿಗೆ. ಥರ್ಡ್ ಪಾರ್ಟಿ ದರವನ್ನು ಸರ್ಕಾರವೇ ಗೊತ್ತುಪಡಿಸುತ್ತದೆ. 2022ರ ಜೂನ್‌ನಲ್ಲಿ ಜಾರಿಗೆ ಬಂದ ದರದಂತೆ 1,000ದಿಂದ 1,500 ಸಿಸಿ ಒಳಗಿನ ಖಾಸಗಿ ಕಾರಿಗೆ ಅದು ವರ್ಷಕ್ಕೆ 3,416 ರೂಪಾಯಿ. ಅಲ್ಲಿ ಬೋನಸ್ಸೂ ಇಲ್ಲ, ಚೌಕಾಸಿಯೂ ಇಲ್ಲ. ಬೋನಸ್ ಸಿಗುವುದು ಓಡಿ ಮೇಲೆ ಮಾತ್ರ. ಆದ್ದರಿಂದ "ಶೇ 45 ರಿಯಾಯಿತಿ" ಎಂದಾಗ ಒಟ್ಟು ಬಿಲ್ಲಿನ ಅರ್ಧದಷ್ಟು ಎಂದು ತಿಳಿಯಬೇಡಿ. ಹಾಗೆಯೇ ಎಷ್ಟೋ ಕಂಪನಿಗಳಲ್ಲಿ ಆಡ್ ಆನ್‌ಗಳ, ಅಂದರೆ ಜೀರೋ ಡೆಪ್‌ನಂಥ ಹೆಚ್ಚಿಗೆ ಹಣ ಕೊಟ್ಟು ಸೇರಿಸಿಕೊಳ್ಳುವ ರಕ್ಷಣೆಗಳ ಪ್ರೀಮಿಯಂ ಮೇಲೂ ಬೋನಸ್ ಕಳೆಯುವುದಿಲ್ಲ. ನಿಮ್ಮ ಪಾಲಿಸಿಯಲ್ಲಿ ಎನ್‌ಸಿಬಿ ಕಳೆದ ಸಾಲು ಆಡ್ ಆನ್‌ಗಳಿಗಿಂತ ಮೇಲಿದೆಯೋ ಕೆಳಗಿದೆಯೋ ನೋಡಿದರೆ ಗೊತ್ತಾಗುತ್ತದೆ.

ಬೋನಸ್ ಏರುವುದು ಮೆಟ್ಟಿಲು ಮೆಟ್ಟಿಲಾಗಿ. ಮೊದಲ ಕ್ಲೇಮ್‌ರಹಿತ ವರ್ಷದ ನಂತರ ಶೇ 20, ಆಮೇಲೆ 25, 35, 45, ಐದನೆಯ ವರ್ಷದ ನಂತರ 50. ಅಲ್ಲಿಗೆ ನಿಲ್ಲುತ್ತದೆ. ಇಳಿಯುವಾಗ ಮಾತ್ರ ಮೆಟ್ಟಿಲಿಲ್ಲ. ಒಂದು ಕ್ಲೇಮ್ ಮಾಡಿದರೆ ಮುಂದಿನ ರಿನ್ಯೂವಲ್‌ನಲ್ಲಿ ನೇರವಾಗಿ ಸೊನ್ನೆ. ಎರಡು ಸಾವಿರದ ಕ್ಲೇಮ್ ಆದರೂ ಅಷ್ಟೇ, ಎರಡು ಲಕ್ಷದ್ದಾದರೂ ಅಷ್ಟೇ. ಚಿಕ್ಕ ಕ್ಲೇಮ್ ದುಬಾರಿಯಾಗುವುದು ಇದರಿಂದಲೇ.

ನಿಮ್ಮದು ನಾಲ್ಕು ಕ್ಲೇಮ್‌ರಹಿತ ವರ್ಷ. ಅಂದರೆ 24 ದಿನ ಕಳೆದರೆ ಶೇ 45ರ ಮೆಟ್ಟಿಲು. ಬೋನಸ್ ಕಳೆಯುವ ಮೊದಲಿನ ಓಡಿ ಪ್ರೀಮಿಯಂ 8,000 ಎಂದು ಇಟ್ಟುಕೊಳ್ಳೋಣ. ನಿಮ್ಮದು ಬೇರೆ ಇದ್ದರೆ ಆ ಅಂಕಿಯನ್ನೇ ಹಾಕಿ ನೋಡಿ. ಹೆಚ್ಚಿನವರು ಇಲ್ಲಿ ಒಂದು ವರ್ಷದ ಲೆಕ್ಕ ಮಾತ್ರ ಹಾಕುತ್ತಾರೆ: 8,000ಕ್ಕೆ ಶೇ 45 ಅಂದರೆ 3,600, ಕ್ಲೇಮ್‌ನಲ್ಲಿ ಸಿಗುವುದು ಹತ್ತು ಸಾವಿರದ ಮೇಲೆ, ಹಾಗಾದರೆ ಕ್ಲೇಮೇ ಲಾಭ! ಶೋರೂಮಿನ ಕೌಂಟರಿನಲ್ಲೂ ಇದೇ ಲೆಕ್ಕ ಹೇಳುತ್ತಾರೆ. ಆದರೆ ಸೊನ್ನೆಗೆ ಇಳಿದವರು ಮತ್ತೆ ಮೇಲೆ ಬರಲು ಐದು ವರ್ಷ ಬೇಕು. ಆ ಐದೂ ವರ್ಷ, ಕ್ಲೇಮ್ ಮಾಡದಿದ್ದರೆ ಇರುತ್ತಿದ್ದ ಜಾಗಕ್ಕಿಂತ ಕೆಳಗೇ ಇರುತ್ತೀರಿ.

ಎರಡು ದಾರಿಗಳನ್ನೂ ಅಕ್ಕಪಕ್ಕ ಇಟ್ಟು ನೋಡಿ. ಕ್ಲೇಮ್ ಮಾಡದಿದ್ದರೆ ಮುಂದಿನ ಐದು ರಿನ್ಯೂವಲ್‌ಗಳಲ್ಲಿ ನಿಮ್ಮ ಬೋನಸ್ 45, 50, 50, 50, 50. ಮಾಡಿದರೆ 0, 20, 25, 35, 45. ವ್ಯತ್ಯಾಸ ಕ್ರಮವಾಗಿ 45, 30, 25, 15, 5. ಕೂಡಿದರೆ 120. ಅಂದರೆ ಈ ಒಂದು ಕ್ಲೇಮ್‌ಗೆ ನೀವು ತೆರುವ ಬೆಲೆ ಒಂದು ವರ್ಷದ ಪೂರ್ತಿ ಓಡಿ ಪ್ರೀಮಿಯಂ, ಅದರ ಮೇಲೆ ಇನ್ನೂ ಐದನೇ ಒಂದು ಭಾಗ. 8,000ದ ಲೆಕ್ಕದಲ್ಲಿ ಅದು 9,600. ಪ್ರೀಮಿಯಂ ಮೇಲೆ ಶೇ 18 ಜಿಎಸ್‌ಟಿ ಇದೆಯಲ್ಲ, ಅದೂ ಸೇರಿದರೆ 11,328 ರೂಪಾಯಿ.

ಬೇರೆ ಮೆಟ್ಟಿಲಿನಲ್ಲಿ ಇರುವವರಿಗೂ ಇದೇ ರೀತಿ ಲೆಕ್ಕ ಹಾಕಬಹುದು. ಮೊದಲ ರಿನ್ಯೂವಲ್‌ಗೆ ಕಾದಿರುವವರು, ಅಂದರೆ ಇನ್ನೂ ಶೇ 20 ಸಿಗಬೇಕಾದವರು, ಕಳೆದುಕೊಳ್ಳುವುದು ಒಟ್ಟು 50. ಶೇ 25 ಸಿಗಬೇಕಾದವರಿಗೆ 80, ಶೇ 35ರವರಿಗೆ 105. ಶೇ 50ಕ್ಕೆ ಮುಟ್ಟಿದವರಿಗೆ 125. ಮೂರನೆಯ ವರ್ಷ ದಾಟಿದ ಮೇಲೆ ಈ ಬೆಲೆ ಹೆಚ್ಚೇನೂ ಏರುವುದಿಲ್ಲ ಅನ್ನುವುದನ್ನು ಗಮನಿಸಿ. ಆದ್ದರಿಂದ ಹಳೆಯ ಬೋನಸ್ ಇರುವವರು ನೆನಪಿಡಬೇಕಾದದ್ದು ಒಂದೇ: ಬೋನಸ್ ಕಳೆಯುವ ಮೊದಲಿನ ಓಡಿಯನ್ನು ಒಂದೂಕಾಲರಿಂದ ಗುಣಿಸಿ, ಜಿಎಸ್‌ಟಿ ಸೇರಿಸಿ. ಬಂದ ಮೊತ್ತಕ್ಕಿಂತ ಕಡಿಮೆ ಲಾಭದ ಕ್ಲೇಮ್ ಆದರೆ ಯೋಚಿಸಬೇಕು.

ಸ್ಕೂಟರಿಗೂ ಇದೇ ಮೆಟ್ಟಿಲು, ಆದರೆ ಫಲಿತಾಂಶ ಬೇರೆ. ಅಲ್ಲಿ ಓಡಿ ಪ್ರೀಮಿಯಂ ಕೆಲವು ನೂರು ರೂಪಾಯಿ. 800 ಎಂದರೂ ಬೋನಸ್‌ನ ಪೂರ್ತಿ ನಷ್ಟ ಸಾವಿರದ ಇನ್ನೂರರ ಒಳಗೆ. ಪ್ರತಿ ಕ್ಲೇಮ್‌ನಲ್ಲಿ ನಾವೇ ಹೊರಬೇಕಾದ ಕಡ್ಡಾಯ ಕಡಿತವೂ ಬರೀ 100. ಹಾಗಾಗಿ ಸ್ಕೂಟರಿನ ಮೂರ್ನಾಲ್ಕು ಸಾವಿರದ ರಿಪೇರಿಗೂ ಕ್ಲೇಮ್ ಮಾಡಲು ಹಿಂಜರಿಯಬೇಕಿಲ್ಲ. ಕಾರಿನ ಬುದ್ಧಿಯನ್ನು ಸ್ಕೂಟರಿಗೆ ತಂದು ಕೈಯಿಂದ ಖರ್ಚು ಮಾಡಿಕೊಂಡವರೂ ಇದ್ದಾರೆ.

ಈಗ ತಕ್ಕಡಿಯ ಇನ್ನೊಂದು ತಟ್ಟೆ. ಕ್ಲೇಮ್ ಮಾಡಿದರೆ ನಿಜಕ್ಕೂ ನಿಮಗೆ ಸಿಗುವುದೆಷ್ಟು? ಶೋರೂಮಿನ 14,000 ಸುಮಾರಾಗಿ ಹೀಗಿರುತ್ತದೆ ಎಂದುಕೊಳ್ಳಿ: ಹೊಸ ಬಂಪರ್ 4,500, ಪೇಂಟಿಂಗ್ 7,000, ಟಿಂಕರಿಂಗ್ ಮತ್ತು ಕೂಲಿ 2,200, ಕ್ಲಿಪ್ಪು ಇತ್ಯಾದಿ 300. ನಿಮ್ಮ ಪಾಲಿಸಿಯಲ್ಲಿ ಜೀರೋ ಡೆಪ್ ಇರುವುದರಿಂದ ಸವಕಳಿ, ಅಂದರೆ ಬಿಡಿಭಾಗ ಹಳೆಯದಾಯಿತೆಂದು ಅದರ ಬೆಲೆಯಲ್ಲಿ ಕಳೆಯುವ ಪಾಲು, ಹಿಡಿಯುವುದಿಲ್ಲ. ಆದರೂ 1,500 ಸಿಸಿವರೆಗಿನ ಕಾರಿಗೆ ಪ್ರತಿ ಕ್ಲೇಮ್‌ಗೆ 1,000 ರೂಪಾಯಿ ಕಡ್ಡಾಯ ಕಡಿತ ಇದ್ದೇ ಇದೆ. ಕನ್ಸ್ಯೂಮಬಲ್ಸ್ ಆಡ್ ಆನ್ ಇಲ್ಲದಿದ್ದರೆ ಆ ಕ್ಲಿಪ್ಪುಗಳ 300ನ್ನೂ ನೀವೇ ಕೊಡಬೇಕು. ಕಂಪನಿ ಕೊಡುವುದು 12,700, ನಿಮ್ಮ ಕೈಯಿಂದ 1,300.

ಜೀರೋ ಡೆಪ್ ಇಲ್ಲದವರ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಪ್ಲಾಸ್ಟಿಕ್ ಬಿಡಿಭಾಗಕ್ಕೆ ಕಾರಿನ ವಯಸ್ಸು ಎಷ್ಟೇ ಇರಲಿ ಶೇ 50 ಸವಕಳಿ, ಅಂದರೆ ಬಂಪರಿನಲ್ಲಿ 2,250 ಹೋಯಿತು. ಪೇಂಟಿಂಗ್ ಬಿಲ್ಲಿನಲ್ಲಿ ಕಾಲು ಭಾಗವನ್ನು ಬಣ್ಣದ ಬೆಲೆ ಎಂದು ಹಿಡಿದು ಅದರ ಅರ್ಧ ಕಳೆಯುತ್ತಾರೆ, ಅಲ್ಲಿ 875. ಕಡ್ಡಾಯ ಕಡಿತ, ಕ್ಲಿಪ್ಪು ಎಲ್ಲ ಸೇರಿ 4,425 ಅವರ ಕೈಯಿಂದಲೇ ಹೋಗುತ್ತದೆ.

ನಿಮ್ಮ ವಿಷಯಕ್ಕೆ ಬಂದರೆ, ಕ್ಲೇಮ್‌ನ ಲಾಭ 12,700 ಎಂದು ಅನ್ನಿಸುತ್ತದೆ. ಅಲ್ಲ. ಕ್ಲೇಮ್ ಮಾಡದಿದ್ದರೆ ನೀವು 14,000 ಖರ್ಚು ಮಾಡುತ್ತಿರಲಿಲ್ಲ, ಪರಿಚಯದ ಗ್ಯಾರೇಜಿನಲ್ಲಿ 8,000ಕ್ಕೆ ಮುಗಿಸುತ್ತಿದ್ದಿರಿ. ಕ್ಲೇಮ್ ಮಾಡಿದರೂ 1,300 ಕೊಡಲೇಬೇಕು. ಹಾಗಾಗಿ ನಿಜವಾದ ಲಾಭ 6,700. ವಿಮೆಯ ಕೆಲಸಕ್ಕೆ ಒಂದು ದರ, ಕೈಯಿಂದ ಕೊಡುವವರಿಗೆ ಇನ್ನೊಂದು ದರ ಅನ್ನುವುದು ಗ್ಯಾರೇಜಿನ ಲೋಕದಲ್ಲಿ ಗುಟ್ಟೇನಲ್ಲ. ವಿಮೆ ಅಂದರೆ ಬಂಪರ್ ಬದಲಾಯಿಸುತ್ತಾರೆ, ಕೈಯಿಂದ ಅಂದರೆ ಅದೇ ಬಂಪರನ್ನು ಕಾಯಿಸಿ, ಬೆಸೆದು, ಬಣ್ಣ ಹೊಡೆದುಕೊಡುತ್ತಾರೆ. ಹಿಂದಿನ ಬಂಪರಿನ ಸೀಳಿಗೆ ಆ ಬೆಸುಗೆ ಸಾಕು. ಲೈಟು, ಸೆನ್ಸರ್ ಕೂರುವ ಜಾಗದ ಕೊಂಡಿಗಳೇ ಮುರಿದಿದ್ದರೆ ಮಾತ್ರ ಹೊಸ ಬಂಪರೇ ಬೇಕು.

6,700ರ ಲಾಭಕ್ಕೆ ಎದುರಾಗಿ 11,328ರ ನಷ್ಟ. ಆದರೆ ಇಲ್ಲಿ ನನ್ನ ವಾದಕ್ಕೆ ವಿರುದ್ಧವಾದ ಒಂದು ಮಾತನ್ನೂ ಹೇಳಬೇಕು. 11,328 ಅನ್ನುವುದು ಮುಂದಿನ ಐದು ವರ್ಷ ನೀವು ಮತ್ತೆ ಕ್ಲೇಮ್ ಮಾಡುವುದಿಲ್ಲ ಎಂದು ನಂಬಿ ಹಾಕಿದ ಲೆಕ್ಕ. ಬರುವ ಪಾಲಿಸಿ ವರ್ಷದಲ್ಲೇ ದೊಡ್ಡ ಅಪಘಾತವಾಗಿ ಕ್ಲೇಮ್ ಮಾಡಬೇಕಾಗಿ ಬಂದರೆ, ಈಗ ಕಾಪಾಡಿಕೊಂಡ ಬೋನಸ್ ಆಗ ಹೇಗೂ ಹೋಗುತ್ತದೆ. ಆ ಸಂದರ್ಭದಲ್ಲಿ ಈಗಿನ ಕ್ಲೇಮ್‌ನ ನಿಜವಾದ ಬೆಲೆ ಒಂದೇ ವರ್ಷದ 3,600 ಮತ್ತು ಜಿಎಸ್‌ಟಿ, 4,248 ಅಷ್ಟೇ. ಅದರ ನಂತರದ ವರ್ಷದಲ್ಲಿ ಆದರೆ 7,080. ವರ್ಷಕ್ಕೊಮ್ಮೆ ಎಲ್ಲಾದರೂ ತಗುಲಿಸಿಕೊಳ್ಳುವವರು, ಮನೆಯಲ್ಲಿ ಹೊಸದಾಗಿ ಕಾರು ಕಲಿಯುತ್ತಿರುವ ಮಕ್ಕಳಿರುವವರು ಬೋನಸ್ಸನ್ನು ಅಷ್ಟೊಂದು ಜೋಪಾನ ಮಾಡುವುದರಲ್ಲಿ ಅರ್ಥವಿಲ್ಲ. ನಾಲ್ಕು ವರ್ಷದಲ್ಲಿ ಒಂದೇ ಕಂಬಕ್ಕೆ ತಗುಲಿಸಿದ ನಿಮ್ಮಂಥವರಿಗೆ ಅರ್ಥವಿದೆ.

ಇದೇ ಕಾರನ್ನು ಇನ್ನೂ ಐದು ವರ್ಷ ಓಡಿಸುವವರಿಗೆ ಇದು ಎರಡೂ ಕಡೆ ವಾಲಬಹುದಾದ ತಕ್ಕಡಿ. ಗ್ಯಾರೇಜಿನ ಪರಿಚಯವಿಲ್ಲ, ಶೋರೂಮಿನಲ್ಲೇ 14,000ಕ್ಕೆ ಮಾಡಿಸಬೇಕು ಅನ್ನುವವರಿಗೆ ಲಾಭ 12,700 ಆಗಿ ಕ್ಲೇಮೇ ಮೇಲು ಎಂದರೂ ತಪ್ಪಿಲ್ಲ. ನಿಮ್ಮ ತಕ್ಕಡಿಯನ್ನು ವಾಲಿಸುವುದು ಹೊಸ ಕಾರು.

ಮುಂದಿನ ವರ್ಷ ಕೊಳ್ಳುವ ದೊಡ್ಡ ಕಾರಿನ ಓಡಿ ಪ್ರೀಮಿಯಂ 22,000 ಇರಲಿ. ಈಗ ಕ್ಲೇಮ್ ಮಾಡದಿದ್ದರೆ, ಬರುವ ವರ್ಷವೂ ಹಾಗೇ ಕಳೆದರೆ, ಶೇ 50 ಬೋನಸ್ ಹಿಡಿದುಕೊಂಡು ಶೋರೂಮಿಗೆ ಹೋಗುತ್ತೀರಿ. ಕ್ಲೇಮ್ ಮಾಡಿದ್ದರೆ ಶೇ 20. ನಡುವಿನ ಶೇ 30 ಅಂದರೆ 6,600. ಅದಕ್ಕೆ ಈ ರಿನ್ಯೂವಲ್‌ನ 3,600 ಕೂಡಿಸಿ, ಜಿಎಸ್‌ಟಿ ಹಾಕಿ: ಎರಡೇ ವರ್ಷದಲ್ಲಿ 12,036. ಅದರ ಮುಂದಿನ ವರ್ಷದ ವ್ಯತ್ಯಾಸ ಶೇ 25, ಆಗಿನ ಓಡಿ 20,000 ಎಂದರೂ ಇನ್ನೊಂದು 5,900. ಮೂರು ವರ್ಷಕ್ಕೆ ಹದಿನೆಂಟು ಸಾವಿರದ ಹತ್ತಿರ. 6,700ರ ಲಾಭಕ್ಕಾಗಿ ಇದನ್ನು ಕೊಡುವುದು ಬೇಡ.

ಈ ಬೋನಸ್ಸನ್ನು ಹೊಸ ಕಾರಿಗೆ ತರುವ ಬಗೆಯನ್ನು ಈಗಲೇ ತಿಳಿದಿರಿ, ಯಾಕೆಂದರೆ ಶೋರೂಮಿನಲ್ಲಿ ಯಾರೂ ತಾವಾಗಿ ಕೇಳುವುದಿಲ್ಲ. ಹಳೆಯ ಕಾರು ಮಾರಿದ ಮೇಲೆ ಮಾರಾಟದ ದಾಖಲೆ, ಅಂದರೆ ಫಾರಂ 29, ಡೆಲಿವರಿ ನೋಟ್, ಹೆಸರು ಬದಲಾದ ಆರ್‌ಸಿ ಇವುಗಳಲ್ಲಿ ಕಂಪನಿ ಕೇಳಿದ್ದನ್ನು ಕೊಟ್ಟು ಎನ್‌ಸಿಬಿ ಪತ್ರ ಪಡೆಯಬೇಕು. ಅದು ಮೂರು ವರ್ಷದವರೆಗೆ ನಡೆಯುತ್ತದೆ. ಹೊಸ ಕಾರೂ ನಿಮ್ಮ ಹೆಸರಿನಲ್ಲೇ ಇರಬೇಕು. ಹೆಂಡತಿಯ ಹೆಸರಿನಲ್ಲಿ ತೆಗೆದುಕೊಂಡರೆ ನಿಮ್ಮ ಬೋನಸ್ ಅಲ್ಲಿಗೆ ಬರುವುದಿಲ್ಲ. ಕಾರಿನ ಬೋನಸ್ ಕಾರಿಗೇ, ಸ್ಕೂಟರಿಗೆ ಹಾಕಿಕೊಳ್ಳಲು ಬರುವುದಿಲ್ಲ. ಹಳೆಯದನ್ನು ಇಟ್ಟುಕೊಂಡು ಒಂದೇ ಬೋನಸ್ಸನ್ನು ಎರಡು ಕಾರಿಗೆ ಹಂಚುವುದೂ ಆಗದು. ಇನ್ನು ನಿಮ್ಮ ಹಳೆಯ ಪಾಲಿಸಿಯನ್ನು ಕೊಂಡವರ ಹೆಸರಿಗೆ ವರ್ಗಾಯಿಸಿದರೆ, ಉಳಿದ ಅವಧಿಯ ಬೋನಸ್ ಮೊತ್ತವನ್ನು ಅವರು ಕಂಪನಿಗೆ ಕಟ್ಟಬೇಕಾಗುತ್ತದೆ. ಇದನ್ನು ಮಾರುವಾಗಲೇ ಹೇಳಿಬಿಡಿ, ಆಮೇಲೆ ಜಗಳ ಬೇಡ.

ಆರಂಭದಲ್ಲಿ ಹೇಳಿದ ಬಂಪರ್ ಕಳಚುವ ಮಾತಿಗೆ ಬರುತ್ತೇನೆ. ಪ್ಲಾಸ್ಟಿಕ್ ಬಂಪರ್ ಏಟು ತಿಂದು ಅರ್ಧ ಹಿಂದಕ್ಕೆ ಚಿಮ್ಮುತ್ತದೆ, ಹಾಗಾಗಿ ಹೊರಗಿನಿಂದ ಬರೀ ಸೀಳು ಕಾಣುತ್ತದೆ. ಅದರ ಹಿಂದೆ ಅಡ್ಡಲಾಗಿ ಒಂದು ಲೋಹದ ಪಟ್ಟಿ ಇರುತ್ತದೆ. ಅದು ಬಾಗಿ ಡಿಕ್ಕಿಯ ತಳದ ತಗಡನ್ನು ತಳ್ಳಿರಬಹುದು. ಬಾಗಿಲು ಮುಚ್ಚಿ ನೋಡಿ: ಡಿಕ್ಕಿಯ ಬಾಗಿಲಿನ ಸುತ್ತ ಇರುವ ಸಂದು ಎಡಗಡೆಗೂ ಬಲಗಡೆಗೂ ಒಂದೇ ಅಳತೆಯಲ್ಲಿದೆಯೇ? ಸ್ಟೆಪ್ನಿ ತೆಗೆದು ಕೆಳಗಿನ ತಗಡನ್ನು ನೋಡಿ: ಸುಕ್ಕು ಬಿದ್ದಿದೆಯೇ, ಬೆಸುಗೆಯ ಅಂಚಿನಲ್ಲಿ ಅಂಟು ಬಿರಿದಿದೆಯೇ? ಹೀಗೇನಾದರೂ ಇದ್ದರೆ ರಿಪೇರಿ 14,000ದಲ್ಲಿ ನಿಲ್ಲುವುದಿಲ್ಲ, ಮೂವತ್ತು ನಲವತ್ತು ಸಾವಿರಕ್ಕೆ ಹೋಗಬಹುದು. ಆಗ ಮೇಲಿನ ಲೆಕ್ಕವೆಲ್ಲ ತಿರುಗಿ ಕ್ಲೇಮ್ ಮಾಡುವುದೇ ಸರಿ. ಆದರೆ ಅಷ್ಟರಲ್ಲಿ ಕೆಲಸ ಶುರುವಾಗಿಬಿಟ್ಟಿದ್ದರೆ ಸರ್ವೇಯರ್‌ಗೆ ನೋಡಲು ಏನೂ ಉಳಿದಿರುವುದಿಲ್ಲ. ಹಾಗಾಗಿ ಕಳಚಿಸುವ ಮುಂಚೆಯೂ ಆಮೇಲೂ ಫೋಟೋ ತೆಗೆಯಿರಿ, ಒಳಗಿನ ಹಾನಿ ಕಂಡರೆ ಸುತ್ತಿಗೆ ಎತ್ತುವ ಮೊದಲೇ ಕಂಪನಿಗೆ ತಿಳಿಸಿ. ಅಪಘಾತವಾದ ಕೂಡಲೇ ತಿಳಿಸಬೇಕು ಅನ್ನುವುದು ಪಾಲಿಸಿಯ ಷರತ್ತು. ನಿಮಗೆ ಆಗಲೇ ಒಂದು ವಾರ ಕಳೆದಿದೆ, ಈ ಪರೀಕ್ಷೆಯನ್ನು ನಾಳೆಯೇ ಮುಗಿಸಿಕೊಳ್ಳಿ.

ಇಲ್ಲೇ ಒಂದು ಎಚ್ಚರಿಕೆ. ಶೋರೂಮಿನವರು ನಿಮ್ಮನ್ನು ಕೇಳದೆಯೇ ಕ್ಲೇಮ್ ನೋಂದಾಯಿಸಿರಬಹುದು. ಕಂಪನಿಗೆ ಫೋನ್ ಮಾಡಿ ವಿಚಾರಿಸಿ. ನೋಂದಣಿ ಆಗಿದ್ದರೆ ವಾಪಸ್ ತೆಗೆದುಕೊಂಡು, ಹಣ ಕೊಡದೆ ಮುಚ್ಚಲಾಗಿದೆ ಎಂದು ಬರಹದಲ್ಲಿ ಪಡೆಯಿರಿ. ಬಾಕಿ ಇರುವ ಕ್ಲೇಮ್ ಕೂಡ ರಿನ್ಯೂವಲ್‌ನಲ್ಲಿ ಬೋನಸ್ಸಿಗೆ ಅಡ್ಡ ಬರುತ್ತದೆ.

"ಈಗ ಸುಮ್ಮನೆ ರಿನ್ಯೂ ಮಾಡಿಸಿ, ಬೋನಸ್ ಪಡೆದುಕೊಂಡು, ಹೊಸ ಪಾಲಿಸಿಯಲ್ಲಿ ಕ್ಲೇಮ್ ಹಾಕಿದರೆ?" ಇದನ್ನೂ ಯಾರಾದರೂ ನಿಮಗೆ ಹೇಳಿಯೇ ಹೇಳುತ್ತಾರೆ. ಕ್ಲೇಮ್ ಸೇರುವುದು ಅಪಘಾತ ನಡೆದ ದಿನದ ಪಾಲಿಸಿಗೆ, ಅರ್ಜಿ ಹಾಕಿದ ದಿನದ್ದಕ್ಕಲ್ಲ. ದಿನಾಂಕ ತಿದ್ದಿ ಹೇಳಿದರೆ ಅದು ವಂಚನೆ. ಸಿಕ್ಕಿಬೀಳುವುದೂ ಕಷ್ಟವೇನಲ್ಲ. ತಿಂಗಳ ಹಿಂದಿನ ಗೀರಿನ ಬುಡದಲ್ಲಿ ತುಕ್ಕು ಹತ್ತಿರುತ್ತದೆ, ಸೀಳಿನ ಒಳಗೆ ಧೂಳು ಕೂತು ಗಟ್ಟಿಯಾಗಿರುತ್ತದೆ, ವಾಶಿಂಗ್ ಮಾಡಿಸಿದ ಗುರುತು ಇರುತ್ತದೆ. "ನಿನ್ನೆ ಸಂಜೆ ಆಯ್ತು ಸಾರ್" ಎಂದು ಒಬ್ಬರು ತೋರಿಸಿದ ಬಂಪರಿನ ಬಿರುಕಿನಲ್ಲಿ ಜೇಡ ಬಲೆ ನೇಯ್ದಿತ್ತು. ನಾನು ಬಲೆಯನ್ನೂ ಸೇರಿಸಿಯೇ ಫೋಟೋ ತೆಗೆದೆ.

ಎನ್‌ಸಿಬಿ ಪ್ರೊಟೆಕ್ಷನ್ ಬಗ್ಗೆ ಶೋರೂಮಿನವರು ಹೇಳಿದ್ದರಲ್ಲಿ ಅರ್ಧ ಸತ್ಯವಿದೆ. ಅದು ಇದ್ದರೆ ಕ್ಲೇಮ್ ಆದರೂ ಬೋನಸ್ ಉಳಿಯುತ್ತದೆ ಅನ್ನುವುದು ನಿಜ. ಆದರೆ ಅಪಘಾತದ ದಿನ ನಿಮ್ಮ ಪಾಲಿಸಿಯಲ್ಲಿ ಅದು ಇರಬೇಕಿತ್ತು. 24 ದಿನದ ನಂತರ ಕೊಂಡ ರಕ್ಷಣೆ ಹೋದ ವಾರದ ಕಂಬಕ್ಕೆ ಅನ್ವಯಿಸುವುದಿಲ್ಲ. ಮುಂದಕ್ಕಾದರೂ ಬೇಕೇ ಎಂದರೆ, ಷರತ್ತು ಓದಿ. ವರ್ಷಕ್ಕೆ ಇಷ್ಟೇ ಕ್ಲೇಮ್ ಎಂಬ ಮಿತಿ ಇರುತ್ತದೆ, ಮತ್ತು ಅದೇ ಕಂಪನಿಯಲ್ಲಿ ಮುಂದುವರಿದರೆ ಮಾತ್ರ ಎಂದು ಅನೇಕ ಕಂಪನಿಗಳು ಬರೆದಿರುತ್ತವೆ. ಹೊಸ ಕಾರಿಗೆ ಬೇರೆ ಕಂಪನಿಗೆ ಹೋದರೆ ಅವರು ನೋಡುವುದು ಕ್ಲೇಮ್ ಆಗಿದೆಯೇ ಎಂದು ಮಾತ್ರ. ಒಂಬೈನೂರೋ ಸಾವಿರವೋ ರೂಪಾಯಿಗೆ ಸಿಕ್ಕರೆ, ಶೇ 50ರ ಹೊಸ್ತಿಲಲ್ಲಿ ಇರುವ ನಿಮಗೆ ಈ ಒಂದು ವರ್ಷಕ್ಕೆ ಯೋಚಿಸಬಹುದಾದದ್ದೇ, ಆದರೆ ಈ ಷರತ್ತು ಕೇಳಿಕೊಂಡ ಮೇಲೆ.

ಉಳಿದ ಆಡ್ ಆನ್‌ಗಳಲ್ಲಿ ಜೀರೋ ಡೆಪ್ ಬಿಡಬೇಡಿ. ಚಿಕ್ಕ ಕ್ಲೇಮ್ ಮಾಡುವುದಿಲ್ಲ ಎಂದಮೇಲೆ ಅದೇಕೆ ಎನ್ನಬಹುದು. ಅದರ ಬೆಲೆ ತಿಳಿಯುವುದು ದೊಡ್ಡ ಏಟಿನಲ್ಲಿ. ನಾಲ್ಕು ವರ್ಷ ದಾಟಿದ ಕಾರಿನ ಲೋಹದ ಬಿಡಿಭಾಗಕ್ಕೆ ಶೇ 35 ಸವಕಳಿ, ಪ್ಲಾಸ್ಟಿಕ್ಕಿಗೆ, ಏರ್‌ಬ್ಯಾಗಿಗೆ ಶೇ 50. ಮುಂಭಾಗ ಪೂರ್ತಿ ಜಜ್ಜಿಹೋಗಿ ಬಿಡಿಭಾಗಗಳೇ 80,000 ಆದರೆ, ಜೀರೋ ಡೆಪ್ ಇಲ್ಲದವರು ಅದರಲ್ಲೇ ಮೂವತ್ತು ಸಾವಿರಕ್ಕೂ ಮೇಲೆ ಕೊಡಬೇಕಾಗಬಹುದು. ಗಾಜಿಗೆ ಮಾತ್ರ ಸವಕಳಿ ಇಲ್ಲ. ಹಾಗೆಯೇ ಎಷ್ಟೋ ಪಾಲಿಸಿಗಳಲ್ಲಿ ಜೀರೋ ಡೆಪ್ ಕ್ಲೇಮ್‌ಗೂ ವರ್ಷಕ್ಕೆ ಎರಡು ಎಂಬಂಥ ಮಿತಿ ಇರುತ್ತದೆ, ಚಿಲ್ಲರೆ ಗೀರಿಗೆ ಅದನ್ನು ಖರ್ಚು ಮಾಡದಿರಲು ಇದೂ ಒಂದು ಕಾರಣ.

ಎಂಜಿನ್ ಪ್ರೊಟೆಕ್ಷನ್ ನೀವು ಕಾರು ನಿಲ್ಲಿಸುವ, ಓಡಿಸುವ ಜಾಗ ನೋಡಿ ತೀರ್ಮಾನಿಸಿ. ನೆಲಮಾಳಿಗೆಯ ಪಾರ್ಕಿಂಗ್, ಮಳೆಗೆ ತುಂಬುವ ಅಂಡರ್‌ಪಾಸ್ ಇದ್ದರೆ ತೆಗೆದುಕೊಳ್ಳಿ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು, ಹೊರವರ್ತುಲ ರಸ್ತೆಯ ಸುತ್ತ ನೀರು ನಿಂತದ್ದು ನೆನಪಿರಬಹುದು. ನೀರಿನಲ್ಲಿ ಮುಳುಗಿದ ಕಾರಿನ ಹಾನಿ ಸಾಮಾನ್ಯ ಪಾಲಿಸಿಯಲ್ಲೇ ಬರುತ್ತದೆ. ಆದರೆ ನೀರು ಹೊಕ್ಕ ಎಂಜಿನ್ನನ್ನು ಸ್ಟಾರ್ಟ್ ಮಾಡಲು ಹೋಗಿ ಕನೆಕ್ಟಿಂಗ್ ರಾಡ್ ಬಾಗಿದರೆ, ಅದು ಅಪಘಾತದ ನೇರ ಹಾನಿಯಲ್ಲ ಎಂದು ಕಂಪನಿ ಕೈ ಎತ್ತುತ್ತದೆ. ಆಡ್ ಆನ್ ಇದ್ದರೂ ಸರಿ, ಇಲ್ಲದಿದ್ದರೂ ಸರಿ, ಮುಳುಗಿದ ಕಾರಿನ ಕೀ ತಿರುಗಿಸಬೇಡಿ, ಟೋ ಮಾಡಿಸಿ. ಟೈರು, ಕೀ, ಬ್ಯಾಗೇಜು ಎಂದು ಪಟ್ಟಿಯಲ್ಲಿ ಇರುವ ಉಳಿದವನ್ನು ನಿಮ್ಮ ಕಾರಿಗೆ ನಾನು ಹಾಕಿಸುವುದಿಲ್ಲ. ಕನ್ಸ್ಯೂಮಬಲ್ಸ್ ಅಗ್ಗವಾಗಿದ್ದರೆ ಇರಲಿ.

ಚಿಕ್ಕ ಕ್ಲೇಮ್ ಮಾಡುವುದೇ ಇಲ್ಲ ಅನ್ನುವವರಿಗೆ ಸ್ವಯಂಪ್ರೇರಿತ ಕಡಿತ ಒಳ್ಳೆಯದು ಎಂದು ಓದಿರಬಹುದು. ಪ್ರತಿ ಕ್ಲೇಮ್‌ನಲ್ಲಿ ಮೊದಲ 5,000ವನ್ನು ನಾನೇ ಹೊರುತ್ತೇನೆ ಎಂದರೆ, ಹಳೆಯ ದರಪಟ್ಟಿಯ ಪ್ರಕಾರ ಓಡಿಯಲ್ಲಿ ಶೇ 25, ಹೆಚ್ಚೆಂದರೆ 1,500 ರೂಪಾಯಿ ಕಡಿಮೆಯಾಗುತ್ತದೆ. ಈಗ ಒಂದೊಂದು ಕಂಪನಿಯದು ಒಂದೊಂದು ರೀತಿ. ಆದರೆ ಬೋನಸ್ ಕಳೆಯುವುದು ಎಲ್ಲ ರಿಯಾಯಿತಿಗಳ ಕೊನೆಯಲ್ಲಿ. ಹಾಗಾಗಿ ಆ 1,500ರಲ್ಲಿ ಶೇ 45 ಹೇಗೂ ಬೋನಸ್ಸಿನಲ್ಲಿ ಹೋಗುತ್ತಿತ್ತು, ನಿಮಗೆ ನಿಜವಾಗಿ ಉಳಿಯುವುದು 825, ಜಿಎಸ್‌ಟಿ ಸೇರಿ 973. ವರ್ಷಕ್ಕೆ 973 ಉಳಿಸಲು 5,000 ಮೈಮೇಲೆ ಎಳೆದುಕೊಳ್ಳಬೇಕು. ನಿಮ್ಮ ಮೆಟ್ಟಿಲಿನಲ್ಲಿ ಅದು ಬೇಡ.

ಬೇರೆ ಬೇರೆ ಕಂಪನಿಗಳ ದರ ಕೇಳುವಾಗ ಎಲ್ಲ ಕಡೆ ಐಡಿವಿ, ಅಂದರೆ ಪಾಲಿಸಿಯಲ್ಲಿ ನಿಮ್ಮ ಕಾರಿಗೆ ಕಟ್ಟಿದ ಬೆಲೆ, ಒಂದೇ ಇಟ್ಟು ಕೇಳಿ. ಅಗ್ಗದ ಕೊಟೇಷನ್ನಿನ ಗುಟ್ಟು ಬಹಳ ಸಲ ತಗ್ಗಿಸಿದ ಐಡಿವಿ. ಕಾರು ಕಳುವಾದರೆ ಸಿಗುವುದು ಅಷ್ಟೇ. ರಿಪೇರಿಯ ಖರ್ಚು ಐಡಿವಿಯ ಶೇ 75 ದಾಟಿದರೆ ಕಾರನ್ನು ಪೂರ್ತಿ ನಷ್ಟ ಎಂದು ಹಿಡಿದು ಅಷ್ಟರಲ್ಲೇ ಮುಗಿಸುತ್ತಾರೆ. ಕಂಪನಿ ಬದಲಾಯಿಸಿದರೆ ಬೋನಸ್ ಹೋಗುತ್ತದೆ ಅನ್ನುವ ಭಯ ಬೇಡ, ಅದು ಜೊತೆಗೇ ಬರುತ್ತದೆ.

ಇನ್ನು ಫಾರಂ ತುಂಬುವಾಗ "ಹಿಂದಿನ ಪಾಲಿಸಿಯಲ್ಲಿ ಕ್ಲೇಮ್ ಮಾಡಿದ್ದೀರಾ?" ಎಂಬ ಪ್ರಶ್ನೆಗೆ ನೀವೇ ಉತ್ತರ ತುಂಬಿ, ಏಜೆಂಟರ ಕೈಗೆ ಬಿಡಬೇಡಿ. ದರ ತಗ್ಗಿಸಿ ತೋರಿಸಲು ಕೇಳದೆಯೇ "ಇಲ್ಲ" ಎಂದು ಹಾಕುವವರಿದ್ದಾರೆ. ನಿಮ್ಮ ವಿಷಯದಲ್ಲಿ ಅದು ನಿಜವೇ. ಕ್ಲೇಮ್ ಮಾಡಿದವರ ಪಾಲಿಸಿಯಲ್ಲಿ ಹಾಗೆ ಹಾಕಿದ್ದರೆ, ದೊಡ್ಡ ಅಪಘಾತದ ದಿನ ಹಳೆಯ ಕಂಪನಿಯಿಂದ ಮಾಹಿತಿ ತರಿಸಿಕೊಂಡು ಕ್ಲೇಮ್ ಅನ್ನೇ ನಿರಾಕರಿಸಲು ದಾರಿಯಾಗುತ್ತದೆ.

ಪಾಲಿಸಿ ಮುಗಿಯುವ ದಿನಕ್ಕೆ ಎಂಟು ಹತ್ತು ದಿನ ಮೊದಲೇ ಹಣ ಕಟ್ಟಿ. ಮುಗಿದ ಮೇಲೆ 90 ದಿನದೊಳಗೆ ರಿನ್ಯೂ ಮಾಡಿಸಿದರೆ ಬೋನಸ್ ಉಳಿಯುತ್ತದೆ ಅನ್ನುವುದು ನಿಜ, ಆದರೆ ಆ ಅವಧಿಯಲ್ಲಿ ಕಾರಿಗೆ ವಿಮೆಯೇ ಇರುವುದಿಲ್ಲ, ಮತ್ತೆ ಶುರು ಮಾಡುವ ಮೊದಲು ಕಾರನ್ನು ಪರೀಕ್ಷೆ ಮಾಡುತ್ತಾರೆ. ಬಂಪರಿನ ಕೆಲಸವನ್ನು ಪಾಲಿಸಿ ಮುಗಿಯುವ ಮುಂಚೆಯೇ ಮುಗಿಸಿ ಬಿಲ್ಲು ಇಟ್ಟುಕೊಳ್ಳಿ. ಮುಂದೆ ಅದೇ ಜಾಗಕ್ಕೆ ಯಾರಾದರೂ ಜೋರಾಗಿ ಗುದ್ದಿದರೆ, ಇದು ಹಳೆಯ ಹಾನಿ ಎಂದು ಸರ್ವೇಯರ್ ಬರೆಯುವ ಮೊದಲು ಆ ಬಿಲ್ಲನ್ನು ಅವರ ಮುಂದಿಡಬಹುದು.